ಇಂಟರ್ನ್‌ಶಿಪ್ ಆಯ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಆರನೇ ಸೆಮಿಸ್ಟರಿನವರ ಗಮನಕ್ಕೆ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಸಾಮಾನ್ಯವಾಗಿ ಮೊದಲು ಆಪ್ಟಿಟ್ಯೂಡ್ ಪರೀಕ್ಷೆ ಇಟ್ಟು, ಉಳಿದವರನ್ನು ಗ್ರೂಪ್ ಡಿಸ್ಕಷನ್‌ಗೆ ಕೂರಿಸುತ್ತವೆ. ಎರಡರಲ್ಲೂ ಹೆಚ್ಚಿನವರನ್ನು ಕೆಡಿಸುವುದು ಗಡಿಯಾರ.

ಪರೀಕ್ಷೆಯಲ್ಲಿ

ಲೆಕ್ಕಕ್ಕೆ ಕೈ ಹಾಕುವ ಮೊದಲು ಆಯ್ಕೆಗಳನ್ನು ಓದಿ. ಒಂದು ಕೆಲಸವನ್ನು ರವಿ 12 ದಿನದಲ್ಲಿ, ಗೀತಾ 15 ದಿನದಲ್ಲಿ ಮುಗಿಸುತ್ತಾರೆ. ಇಬ್ಬರೂ ಸೇರಿದರೆ ಎಷ್ಟು ದಿನ? ಆಯ್ಕೆಗಳು 5, 6⅔, 9, 13½. ಇಬ್ಬರೂ ರವಿಯಷ್ಟೇ ಚುರುಕಾಗಿದ್ದರೆ 6 ದಿನ ಸಾಕಿತ್ತು, ಇಬ್ಬರೂ ಗೀತಾಳಷ್ಟು ನಿಧಾನವಾಗಿದ್ದರೆ 7½ ದಿನ ಬೇಕಿತ್ತು. ಉತ್ತರ ಇವೆರಡರ ನಡುವೆಯೇ ಇರಬೇಕು. ಅಲ್ಲಿರುವುದು 6⅔ ಒಂದೇ. ಪೆನ್ನು ಮುಟ್ಟುವ ಅಗತ್ಯವೇ ಇಲ್ಲ. ಆಯ್ಕೆಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ ಲ.ಸಾ.ಅ. ಹಿಡಿಯಿರಿ: ಒಟ್ಟು ಕೆಲಸ 60 ಪಾಲು, ದಿನಕ್ಕೆ ಅವನದು 5, ಅವಳದು 4, ಸೇರಿ 9, 60ನ್ನು 9ರಿಂದ ಭಾಗಿಸಿ.

ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಯೇ ಎಂದು ಸೂಚನೆಯಲ್ಲಿ ನೋಡಿಯೇ ಶುರು ಮಾಡಿ. ನಾಲ್ಕು ಆಯ್ಕೆಯ ಪ್ರಶ್ನೆಯಲ್ಲಿ ಸರಿಗೆ 1 ಅಂಕ, ತಪ್ಪಿಗೆ ⅓ ಕಡಿತ ಎಂದಿದ್ದರೆ ಕಣ್ಣುಮುಚ್ಚಿ ಗುರುತಿಸುವುದರಿಂದ ಸರಾಸರಿಯಲ್ಲಿ ಏನೂ ಗಿಟ್ಟದು. ಎರಡು ಆಯ್ಕೆ ಖಂಡಿತ ತಪ್ಪೆಂದು ತಿಳಿದರೆ ಉಳಿದೆರಡರಲ್ಲಿ ಒಂದನ್ನು ಗುರುತಿಸಿ, ಅಲ್ಲಿ ಲಾಭವಿದೆ. ಕಡಿತವೇ ಇಲ್ಲದಿದ್ದರೆ ಒಂದನ್ನೂ ಖಾಲಿ ಬಿಡಬೇಡಿ.

ಒಂದೇ ಪ್ರಶ್ನೆಗೆ ಜೋತುಬೀಳಬಾರದು. ವಿಭಾಗಕ್ಕೊಂದು ಕಟ್ ಆಫ್ ಇದ್ದರೆ ಗಣಿತದಲ್ಲಿ ಎಷ್ಟೇ ಅಂಕ ಬಂದರೂ ಇಂಗ್ಲಿಷ್ ವಿಭಾಗ ಕೈಕೊಟ್ಟರೆ ಹೊರಗೇ. ಆನ್‌ಲೈನ್ ಪರೀಕ್ಷೆಯ ಮಧ್ಯೆ ಬೇರೆ ಟ್ಯಾಬ್ ತೆರೆಯಬಾರದು. ವಾಟ್ಸ್‌ಆ್ಯಪ್ ವೆಬ್, ನೋಟಿಫಿಕೇಷನ್ ಎಲ್ಲವನ್ನೂ ಮೊದಲೇ ಮುಚ್ಚಿಡಿ. ಪರದೆ ಬಿಟ್ಟು ಹೋದದ್ದು ದಾಖಲಾಗುತ್ತದೆ, ಆಮೇಲೆ ಕೊಡುವ ಕಾರಣ ಯಾರೂ ಕೇಳುವುದಿಲ್ಲ.

ಗ್ರೂಪ್ ಡಿಸ್ಕಷನ್‌ನಲ್ಲಿ

ಹತ್ತು ಜನ, 15 ನಿಮಿಷ ಎಂದರೆ ನಿಮ್ಮ ಪಾಲಿಗೆ ಒಂದೂವರೆ ನಿಮಿಷ. ಅರ್ಧರ್ಧ ನಿಮಿಷದಂತೆ ಮೂರು ಸಲ ಮಾತಾಡುವುದನ್ನು ಗೆಳೆಯರೊಂದಿಗೆ ಕೂತು, ಫೋನಿನಲ್ಲಿ ರೆಕಾರ್ಡ್ ಮಾಡಿ ಅಭ್ಯಾಸ ಮಾಡಿ. ಇಂಗ್ಲಿಷ್‌ನಲ್ಲಿ ತಡವರಿಸುವವರಿಗೆ ಇದು ಕಡ್ಡಾಯ: ಸಣ್ಣ ವಾಕ್ಯ ಸಾಕು, ಅಲಂಕಾರ ಬೇಡ.

ಹೇಳುವುದಕ್ಕೇನೂ ಇಲ್ಲದೆ ಮೊದಲು ಬಾಯಿ ತೆರೆಯಬಾರದು. ವಿಷಯ 'ಹಾಜರಾತಿ ಕಡ್ಡಾಯ ಬೇಕೇ?' ಎಂದಿದ್ದರೆ 'ಹಾಜರಾತಿ ಬಹಳ ಮುಖ್ಯ' ಎಂಬ ಮಾತಿಗೆ ಬೆಲೆಯಿಲ್ಲ. 'ಲ್ಯಾಬಿಗೆ ಕಡ್ಡಾಯವಿರಲಿ, ಏಕೆಂದರೆ ಉಪಕರಣ ಮನೆಯಲ್ಲಿಲ್ಲ. ಥಿಯರಿಗೆ ಸಡಿಲಿಸಬಹುದು' ಎಂದರೆ ಚರ್ಚೆಗೆ ಒಂದು ದಾರಿ ಸಿಗುತ್ತದೆ.

ಇನ್ನೊಬ್ಬರ ಮಾತು ಕಡಿಯಬಾರದು. ಅವರು ವಾಕ್ಯ ಮುಗಿಸಿದ ಕ್ಷಣಕ್ಕೆ ಅವರ ಮಾತನ್ನೇ ಹಿಡಿದು ಒಳಗೆ ಬನ್ನಿ: 'ಲ್ಯಾಬಿನ ಮಾತು ಒಪ್ಪುತ್ತೇನೆ, ಆದರೆ ದೂರದ ಊರಿಂದ ಬಸ್ಸಿನಲ್ಲಿ ಬರುವವರ ಗತಿ?' ಕೊನೆಗೆ ಸಾರಾಂಶ ಕೇಳಿದರೆ ನಿಮ್ಮ ಪಕ್ಷವನ್ನೇ ಮತ್ತೆ ಒಪ್ಪಿಸಬೇಡಿ. ಎಲ್ಲಿ ಒಮ್ಮತವಾಯಿತು, ಎಲ್ಲಿ ಆಗಲಿಲ್ಲ ಎಂದು ಎರಡೇ ವಾಕ್ಯದಲ್ಲಿ ಹೇಳಿ ನಿಲ್ಲಿಸಿ.