ಮಾರಾಟವಾಗದ ಬೀಜದಲ್ಲಿ ಕೂತ ಲಾಭ: ಲೆಕ್ಕದ ಮೇಜಿನಿಂದ ಆರು ಪಾಠಗಳು

ನಾನು ಬಹಳ ವರ್ಷ ಲೆಕ್ಕ ನೋಡಿಕೊಂಡ ಸಂಸ್ಥೆಗೆ ಎರಡು ವಿಭಾಗಗಳಿದ್ದವು. ಒಂದರಲ್ಲಿ ಕಾಫಿ ಕ್ಯೂರಿಂಗ್, ಇನ್ನೊಂದರಲ್ಲಿ ಹುರಿದು ಪುಡಿ ಮಾಡುವ ಕೆಲಸ. ಕ್ಯೂರಿಂಗ್ ವಿಭಾಗ ತನ್ನ ಬೀಜವನ್ನು ಪುಡಿ ವಿಭಾಗಕ್ಕೆ ಅಸಲಿನ ಮೇಲೆ 25% ಸೇರಿಸಿ ಕಳಿಸುತ್ತಿತ್ತು. ಎರಡೂ ಕಡೆಯ ಮ್ಯಾನೇಜರುಗಳ ಕೆಲಸ ಬೇರೆಬೇರೆಯಾಗಿ ಅಳೆಯಲು ಅದು ಅನುಕೂಲ. ತೊಡಕು ಬರುತ್ತಿದ್ದದ್ದು ಮಾರ್ಚ್ 31ರಂದು, ಪುಡಿ ವಿಭಾಗದ ಗೋದಾಮಿನಲ್ಲಿ ಉಳಿದ ಚೀಲಗಳಿಗೆ ಬೆಲೆ ಕಟ್ಟುವಾಗ. ಅಲ್ಲಿ ಎಡವಿ ಕಲಿತದ್ದನ್ನು ಸಣ್ಣ ಅಂಕಿಗಳಲ್ಲಿ ಬರೆಯುತ್ತಿದ್ದೇನೆ.

1. ಲಾಭ ತೆಗೆಯುವುದು ಸಂಸ್ಥೆಯ ಲೆಕ್ಕದಲ್ಲಿ, ವಿಭಾಗದ ಲೆಕ್ಕದಲ್ಲಲ್ಲ

ಮೊದಲ ವರ್ಷ ನಾನು ಕ್ಯೂರಿಂಗ್ ವಿಭಾಗದ ಲಾಭವನ್ನೇ ಕತ್ತರಿಸಿಬಿಟ್ಟೆ. ಅಲ್ಲಿನ ಮ್ಯಾನೇಜರ್ ಜಗಳಕ್ಕೇ ಬಂದರು: "ನಾನು ಕಳಿಸಿದ ಮಾಲು ಅವರು ಮಾರದಿದ್ದರೆ ನನ್ನ ತಪ್ಪೇನು ಸ್ವಾಮಿ?" ಅವರ ಮಾತು ಸರಿಯಾಗಿತ್ತು. ವಿಭಾಗದ ಮಟ್ಟಿಗೆ ಅದು ಮಾರಾಟ. ಆದರೆ ಯಜಮಾನರ ಪ್ರಶ್ನೆಯೂ ಸರಿಯೇ: "ಬೀಜವೂ ನಮ್ಮದು, ಗೋದಾಮೂ ನಮ್ಮದು, ಲಾಭ ಕೊಟ್ಟವರು ಯಾರು?" ಎರಡಕ್ಕೂ ಉತ್ತರ ಒಂದೇ. ವಿಭಾಗಗಳ ಲಾಭವನ್ನು ಹಾಗೇ ಬಿಟ್ಟು, ಎರಡನ್ನೂ ಕೂಡಿಸುವ ಜನರಲ್ ಪ್ರಾಫಿಟ್ ಅಂಡ್ ಲಾಸ್ ಖಾತೆಗೆ ಡೆಬಿಟ್ ಹಾಕಿ, ಸ್ಟಾಕ್ ರಿಸರ್ವ್ ಖಾತೆಗೆ ಕ್ರೆಡಿಟ್ ಕೊಡಬೇಕು. ಬ್ಯಾಲೆನ್ಸ್ ಶೀಟಿನಲ್ಲಿ ದಾಸ್ತಾನಿನಿಂದ ಈ ರಿಸರ್ವ್ ಕಳೆದರೆ, ಉಳಿಯುವುದು ಸಂಸ್ಥೆಗೆ ನಿಜವಾಗಿ ಬಿದ್ದ ಅಸಲು.

2. ಅಸಲಿನ ಮೇಲಿನ 25% ಎಂದರೆ ಬಿಲ್ಲಿನ ಮೇಲಿನ 20%

ಬೀಜದ ಅಸಲು ಕಿಲೋಗೆ ₹400, ವರ್ಗಾವಣೆ ಬೆಲೆ ₹500 ಎಂದುಕೊಳ್ಳಿ. ಪುಡಿ ವಿಭಾಗದಲ್ಲಿ 200 ಕಿಲೋ ಬೀಜ ಉಳಿದಿದೆ, ಪುಸ್ತಕದಲ್ಲಿ ಅದರ ಬೆಲೆ ₹1,00,000. ಇದಕ್ಕೆ 25% ಹಾಕಿ ₹25,000 ತೆಗೆಯುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಹಾಗೆ ತೆಗೆದರೆ ಕಿಲೋಗೆ ₹375 ಉಳಿಯುತ್ತದೆ. ಆ ಬೆಲೆಗೆ ಆ ಬೀಜ ನಮಗೆ ಯಾವತ್ತೂ ಬಿದ್ದಿರಲೇ ಇಲ್ಲ! ₹500ರಲ್ಲಿ ಅಡಗಿರುವ ಲಾಭ ₹100, ಅಂದರೆ ಐದರಲ್ಲಿ ಒಂದು ಭಾಗ. ಆದ್ದರಿಂದ ತೆಗೆಯಬೇಕಾದ್ದು ₹20,000. ದಾಸ್ತಾನು ಪಟ್ಟಿಯಲ್ಲಿರುವುದು ಯಾವಾಗಲೂ ವರ್ಗಾವಣೆ ಬೆಲೆ, ಶೇಕಡಾವಾರನ್ನೂ ಅದಕ್ಕೆ ತಕ್ಕಂತೆ ತಿರುಗಿಸಿಕೊಳ್ಳಬೇಕು.

3. ಪುಡಿಯಾದ ಮೇಲೂ ಬೀಜದ ಲಾಭ ಅದರೊಳಗೇ ಇರುತ್ತದೆ

ಚೀಲದಲ್ಲಿರುವ ಬೀಜವನ್ನು ಯಾರೂ ಮರೆಯುವುದಿಲ್ಲ, ಪ್ಯಾಕೆಟ್ಟಿನಲ್ಲಿರುವ ಪುಡಿಯನ್ನು ಮರೆಯುತ್ತಾರೆ. ಹುರಿದಾಗ ತೇವ ಹೋಗಿ ತೂಕ ಇಳಿಯುತ್ತದೆ. ಒಂದು ಕಿಲೋ ಪುಡಿಗೆ ಒಂದೂಕಾಲು ಕಿಲೋ ಬೀಜ ಬೇಕೆಂದು ಹಿಡಿಯೋಣ. ಬೀಜದ ಬಾಬ್ತು ₹625, ಹುರಿಯುವ, ಅರೆಯುವ, ಪ್ಯಾಕಿಂಗ್ ಖರ್ಚು ₹75, ಒಟ್ಟು ₹700. ಅಂಥ 400 ಕಿಲೋ ಪುಡಿ ಉಳಿದಿದ್ದರೆ ಪಟ್ಟಿಯಲ್ಲಿ ₹2,80,000 ಇರುತ್ತದೆ.

ಇಷ್ಟಕ್ಕೂ 20% ಹಾಕಿದರೆ ₹56,000 ಬರುತ್ತದೆ, ಅದು ತಪ್ಪು. ಹುರಿಯುವ ಖರ್ಚು ಹೊರಗಿನವರಿಗೆ ಕೊಟ್ಟ ದುಡ್ಡು, ಅದರಲ್ಲಿ ನಮ್ಮ ಲಾಭವಿಲ್ಲ. ಬೀಜದ ಬಾಬ್ತು ₹2,50,000ಕ್ಕೆ ಮಾತ್ರ 20% ಹಾಕಿ ₹50,000 ತೆಗೆಯಬೇಕು. ಪುಡಿಗೆ ಚಿಕೋರಿ ಬೆರೆಸಿದ್ದರೆ, ಅದು ಹೊರಗಿನಿಂದ ಕೊಂಡ ಮಾಲಾದ್ದರಿಂದ, ಅದನ್ನೂ ಮೊದಲೇ ಬದಿಗಿಡಬೇಕು. ಹೀಗೆ ಬೀಜದ ₹20,000, ಪುಡಿಯ ₹50,000 ಸೇರಿ ವರ್ಷಾಂತ್ಯಕ್ಕೆ ಬೇಕಾದ ರಿಸರ್ವ್ ₹70,000.

4. ಹೊರಗಿನ ಮಾಲು ಬೆರೆತರೆ ಮೊದಲು ಬೇರ್ಪಡಿಸಿ

ನಮ್ಮ ಬೀಜ ಸಾಲದಾದಾಗ ಪುಡಿ ವಿಭಾಗ ವ್ಯಾಪಾರಿಗಳಿಂದಲೂ ಕೊಳ್ಳುತ್ತಿತ್ತು. ಅದಕ್ಕೆ ರಿಸರ್ವ್ ಬೇಕಿಲ್ಲ. ಚೀಲಗಳಿಗೆ ಲಾಟ್ ಚೀಟಿ ಕಟ್ಟಿದ್ದರೆ ಎಣಿಸಿದರಾಯಿತು. ಒಂದು ವರ್ಷ ಗೋದಾಮಿನವರು ಎರಡನ್ನೂ ಒಂದೇ ರಾಶಿಗೆ ಸುರಿದಿದ್ದರು. ಆಗ ವರ್ಷದ ಆವಕದ ಪ್ರಮಾಣ ಹಿಡಿದೆವು. ನಮ್ಮ ವಿಭಾಗದಿಂದ 12,000 ಕಿಲೋ, ಹೊರಗಿನಿಂದ 3,000 ಕಿಲೋ ಬಂದಿದ್ದರೆ ಉಳಿದ 200 ಕಿಲೋದಲ್ಲಿ 160 ಕಿಲೋ ನಮ್ಮದೆಂದು ಎಣಿಸಿ, ಕಿಲೋಗೆ ₹100ರಂತೆ ₹16,000 ತೆಗೆಯುವುದು. ಪುಡಿಗೂ ಅದೇ ಪ್ರಮಾಣ.

ಇದಕ್ಕೊಂದು ಮಿತಿ ಇದೆ. ದಾಸ್ತಾನಿಗೆ ಬೆಲೆ ಕಟ್ಟುವುದು 'ಮೊದಲು ಬಂದದ್ದು ಮೊದಲು ಹೋಗುತ್ತದೆ' ಎಂಬ ಕ್ರಮದಲ್ಲಾದರೆ ಸರಾಸರಿ ಪ್ರಮಾಣ ಹೊಂದುವುದಿಲ್ಲ. ಕೊನೆಗೆ ಬಂದ ಲಾಟುಗಳು ಯಾರವೆಂದು ನೋಡಬೇಕಾಗುತ್ತದೆ. ಬೆಲೆ ಕಟ್ಟಿದ ಕ್ರಮ ಯಾವುದೋ ಲಾಭ ತೆಗೆಯುವ ಕ್ರಮವೂ ಅದೇ ಆಗಿರಲಿ.

5. ಹೋದ ವರ್ಷದ ರಿಸರ್ವ್ ಮರೆಯಬೇಡಿ

ವರ್ಷದ ಆರಂಭದ ದಾಸ್ತಾನಿನಲ್ಲೂ ಇಂಥದೇ ಲಾಭ ಕೂತಿತ್ತು. ಆ ಮಾಲು ಈ ವರ್ಷ ಗಿರಾಕಿಗೆ ಹೋಯಿತು, ಹಾಗಾಗಿ ಆ ಲಾಭ ಈಗ ನಿಜವಾಯಿತು. ಹಳೆಯ ರಿಸರ್ವ್ ₹45,000 ಇದ್ದರೆ ಈ ವರ್ಷ ಲಾಭದಿಂದ ಕಳೆಯಬೇಕಾದ್ದು ವ್ಯತ್ಯಾಸದ ₹25,000 ಮಾತ್ರ. ಪೂರ್ತಿ ₹70,000 ಕಳೆದರೆ ಲಾಭ ₹45,000 ಕಮ್ಮಿ ಬೀಳುತ್ತದೆ. ಈ ತಪ್ಪು ಹಿಡಿಯುವುದು ಸುಲಭ: ರಿಸರ್ವ್ ಖಾತೆಯ ಬಾಕಿ ₹70,000ದ ಬದಲು ₹1,15,000 ತೋರಿಸುತ್ತದೆ.

ಹೋದ ವರ್ಷ ಮಾರ್ಕಪ್ 20% ಇದ್ದು ಈ ವರ್ಷ 25% ಆಗಿದ್ದರೆ, ಹಳೆಯ ರಿಸರ್ವನ್ನು ಹೊಸ ದರದಲ್ಲಿ ಮತ್ತೆ ಲೆಕ್ಕ ಹಾಕಬೇಡಿ. ಆಗ ಬರೆದದ್ದು ಎಷ್ಟೋ ಅಷ್ಟೇ ವಾಪಸ್ ಬರಬೇಕು.

6. ಮೊದಲು ಲಾಭ ತೆಗೆಯಿರಿ, ಆಮೇಲೆ ಮಾರುಕಟ್ಟೆ ನೋಡಿ

ದಾಸ್ತಾನಿಗೆ ಅಸಲು ಅಥವಾ ಮಾರಿದರೆ ನಿವ್ವಳವಾಗಿ ಸಿಗುವ ಬೆಲೆ, ಯಾವುದು ಕಮ್ಮಿಯೋ ಅದನ್ನು ಹಿಡಿಯಬೇಕೆಂಬುದು ಎಎಸ್ 2ರ ನಿಯಮ. ಇಲ್ಲಿ ಅಸಲು ₹500 ಅಲ್ಲ, ₹400. ಪೇಟೆಯಲ್ಲಿ ಬೀಜ ₹380ಕ್ಕೆ ಇಳಿದ ವರ್ಷ ನನ್ನ ಸಹಾಯಕರು ₹500ರಿಂದ ₹380ಕ್ಕೆ ಇಳಿಸಿ, ಅದರ ಮೇಲೆ ರಿಸರ್ವಿನ ₹100 ಕೂಡ ಕಳೆದಿದ್ದರು. ಬೀಜ ₹280ಕ್ಕೆ ಬಂದು ಕೂತಿತ್ತು. ಒಂದೇ ಲಾಭಕ್ಕೆ ಎರಡು ಸಲ ಕತ್ತರಿ ಬಿದ್ದಿತ್ತು.

ಸರಿಯಾದ ಕ್ರಮದಲ್ಲಿ ₹400 ಮತ್ತು ₹380ರ ನಡುವಿನ ₹20 ಮಾತ್ರ ಚರ್ಚೆಯ ವಿಷಯ. ಅದನ್ನೂ ಕಣ್ಣುಮುಚ್ಚಿ ಇಳಿಸುವಂತಿಲ್ಲ. ಬೀಜ ಕಚ್ಚಾ ಮಾಲು. ಒಂದು ಕಿಲೋ ಪುಡಿಯ ನಿಜವಾದ ಅಸಲು, ಬೀಜದ ₹500 ಮತ್ತು ಖರ್ಚಿನ ₹75 ಸೇರಿ ₹575. ಪುಡಿ ನಿವ್ವಳ ಅಷ್ಟಕ್ಕೋ ಅದಕ್ಕಿಂತ ಹೆಚ್ಚಿಗೋ ಮಾರಾಟವಾಗುವಂತಿದ್ದರೆ ಬೀಜದ ಬೆಲೆ ಇಳಿಸಬೇಕಿಲ್ಲ.

ಎಲ್ಲ ಮುಗಿದ ಮೇಲೆ ನಾನು ಇವತ್ತಿಗೂ ಮಾಡುವ ಪರೀಕ್ಷೆ ಒಂದಿದೆ. ರಿಸರ್ವ್ ಕಳೆದು ಉಳಿದ ಮೊತ್ತವನ್ನು ಕಿಲೋಗಳಿಂದ ಭಾಗಿಸಿ, ಕ್ಯೂರಿಂಗ್ ವಿಭಾಗದ ಕಾಸ್ಟ್ ಶೀಟಿನ ಪಕ್ಕ ಇಟ್ಟು ನೋಡುತ್ತೇನೆ. ಬೀಜ ₹400, ಪುಡಿ ₹575 ಬಂದರೆ ಸಹಿ ಹಾಕುತ್ತೇನೆ. ಬಾರದಿದ್ದರೆ ಮೇಲಿನ ಆರರಲ್ಲಿ ಯಾವುದೋ ಒಂದು ತಪ್ಪಿರುತ್ತದೆ.