ಚಿಲ್ಲರೆ ಖರ್ಚಿನ ಪೆಟ್ಟಿಗೆ: ತಿಂಗಳ ಕೊನೆಗೆ ತಾಳೆಯಾಗದಿದ್ದರೆ ಹುಡುಕುವುದು ಹೇಗೆ?

ಆಟೋ ಬಾಡಿಗೆ, ಸೋಪಿನ ಪುಡಿ, ಪೆನ್ನು, ರಸೀದಿ ಪುಸ್ತಕ ಇಂಥ ಸಣ್ಣ ಖರ್ಚುಗಳಿಗೆ ಹಲವು ಸಂಘಗಳಲ್ಲಿ ಕಾರ್ಯದರ್ಶಿಯ ಕೈಗೆ ಒಂದು ನಿಗದಿತ ಮೊತ್ತ ಕೊಟ್ಟಿರುತ್ತಾರೆ. ಇದನ್ನು ಖಾಯಂ ಮುಂಗಡ ಅಥವಾ ಇಂಪ್ರೆಸ್ಟ್ ಎನ್ನುತ್ತಾರೆ. ಇದರ ನಿಯಮ ಒಂದೇ: ಪೆಟ್ಟಿಗೆಯಲ್ಲಿರುವ ನಗದು ಮತ್ತು ಖರ್ಚಿನ ವೋಚರುಗಳ ಮೊತ್ತ ಸೇರಿ ಯಾವ ದಿನ ನೋಡಿದರೂ ಆ ನಿಗದಿತ ಮೊತ್ತವೇ ಆಗಬೇಕು. ತಿಂಗಳ ಕೊನೆಗೆ ವೋಚರುಗಳಷ್ಟೇ ಹಣವನ್ನು ಮುಖ್ಯ ನಗದಿನಿಂದ ತುಂಬಿಸಿದರೆ ಪೆಟ್ಟಿಗೆ ಮತ್ತೆ ಮೊದಲಿನಂತಾಗುತ್ತದೆ.

ಹಾಗಾಗದಿದ್ದಾಗ ಏನು ಮಾಡಬೇಕು? ಶಿವನಿ ಕಡೆಯ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದ ಲೆಕ್ಕ ಎಂದುಕೊಂಡು ಒಂದು ಉದಾಹರಣೆ ನೋಡೋಣ.

ಖಾಯಂ ಮುಂಗಡ 3,000 ರೂಪಾಯಿ. ತಿಂಗಳ ಕೊನೆಯ ದಿನ ಕಾರ್ಯದರ್ಶಿ ಮತ್ತು ಅಧ್ಯಕ್ಷೆ ಒಟ್ಟಿಗೆ ಕುಳಿತು ನಗದು ಎಣಿಸಿದರು. 500ರ ಒಂದು ನೋಟು, 100ರ ಒಂದು, 20ರ ಎರಡು, 5ರ ಒಂದು ನಾಣ್ಯ, ಒಟ್ಟು 645. ಚಿಲ್ಲರೆ ಖರ್ಚಿನ ಪುಸ್ತಕದಲ್ಲಿ ಕೂಡಿಸಿದ ಖರ್ಚು 2,065. ಎರಡೂ ಸೇರಿ 2,710. ಅಂದರೆ 290 ರೂಪಾಯಿ ಕಡಿಮೆ.

ಇಲ್ಲಿ ಹಲವರು ಮಾಡುವುದು, ಬೇರೆಯವರು ಏನಂದುಕೊಂಡಾರೋ ಎಂಬ ಅಂಜಿಕೆಯಿಂದ 290 ರೂಪಾಯಿಯನ್ನು ತಮ್ಮ ಕೈಯಿಂದ ಹಾಕಿಬಿಡುವುದು. ಹಾಗೆ ಮಾಡಿದರೆ ತಪ್ಪು ಎಲ್ಲಿತ್ತೆಂಬುದು ಎಂದಿಗೂ ತಿಳಿಯುವುದಿಲ್ಲ. ಹಾಕುವ ಮೊದಲು ಮೂರು ಕಡೆ ಹುಡುಕಬೇಕು.

ಮೊದಲನೆಯದು, ಪೆಟ್ಟಿಗೆಯಲ್ಲಿ ಬೇರೆ ಹಣ ಸೇರಿದೆಯೇ? ಸ್ಥಳೀಯ ಹಾಲು ಮಾರಾಟದ ರಸೀದಿಗಳನ್ನು ಮುಖ್ಯ ನಗದು ಪುಸ್ತಕದ ಜೊತೆ ಹೋಲಿಸಿದಾಗ ಹಿಂದಿನ ಸಂಜೆಯ 50 ರೂಪಾಯಿಯ ಒಂದು ರಸೀದಿ ಜಮಾ ಆಗಿರಲಿಲ್ಲ. ಗಡಿಬಿಡಿಯಲ್ಲಿ ಆ ಹಣ ಚಿಲ್ಲರೆ ಪೆಟ್ಟಿಗೆಗೆ ಬಿದ್ದಿತ್ತು. ಅದನ್ನು ತೆಗೆದು ಮಾರಾಟಕ್ಕೆ ಜಮಾ ಮಾಡಿದರೆ ಪೆಟ್ಟಿಗೆಯ ನಿಜವಾದ ನಗದು 595. ಕೊರತೆ 290 ಅಲ್ಲ, 340! ಇದನ್ನು ಗಮನಿಸಿ: ಹೆಚ್ಚಾದದ್ದೂ ಕಡಿಮೆಯಾದದ್ದೂ ಒಂದನ್ನೊಂದು ಮುಚ್ಚಿಕೊಳ್ಳುತ್ತವೆ. ಪೆಟ್ಟಿಗೆಯಲ್ಲಿ ಹಣ ಹೆಚ್ಚಿದ್ದರೂ ಅದು ತಪ್ಪೇ.

ಎರಡನೆಯದು, ವೋಚರ್ ಬರೆಯದೆ ಕೊಟ್ಟ ಹಣ ಇದೆಯೇ? ಪುಸ್ತಕ ಮುಚ್ಚಿಟ್ಟು, ತಿಂಗಳಲ್ಲಿ ಸಂಘಕ್ಕೆ ಯಾರು ಯಾರು ಬಂದರು, ಏನೇನು ನಡೆಯಿತು ಎಂದು ದಿನದ ಲೆಕ್ಕದಲ್ಲಿ ನೆನಪಿಸಿಕೊಳ್ಳಿ. ಕಾಲುಬಾಯಿ ಜ್ವರದ ಲಸಿಕೆ ಹಾಕಿದ ದಿನ ಬಂದವರಿಗೆ ಕಾಫಿ, ತಿಂಡಿ ತರಿಸಿದ್ದರು. ಹೋಟೆಲಿನವರು ಬಿಲ್ ಕೊಟ್ಟಿರಲಿಲ್ಲ. ತಂದುಕೊಟ್ಟ ಸಹಾಯಕಿಯನ್ನೂ ಹೋಟೆಲಿನವರನ್ನೂ ಕೇಳಿದಾಗ 160 ರೂಪಾಯಿ ಎಂದು ಖಚಿತವಾಯಿತು. ಖರ್ಚಾದ ದಿನಾಂಕ, ವೋಚರ್ ಬರೆದ ದಿನಾಂಕ ಎರಡನ್ನೂ ನಮೂದಿಸಿ, ಹಣ ಪಡೆದವರ ಮತ್ತು ಅಧ್ಯಕ್ಷೆಯ ಸಹಿ ಹಾಕಿಸಿದರು. ಹಿಂದಿನ ದಿನಾಂಕ ಹಾಕಿ ಆಗಲೇ ಬರೆದಂತೆ ತೋರಿಸಬಾರದು. ಈಗ ಉಳಿದ ಕೊರತೆ 180.

ಮೂರನೆಯದು, ಅಂಕಿ ಅದಲುಬದಲಾಗಿದೆಯೇ? 180 ಅನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಪಕ್ಕಪಕ್ಕದ ಎರಡು ಅಂಕಿ ಹಿಂದುಮುಂದಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಹಾಗಾಗಿ ಪುಸ್ತಕದ ಪ್ರತಿ ಸಾಲನ್ನೂ ಮೂಲ ವೋಚರಿನ ಜೊತೆ ಒಬ್ಬರು ಓದಿ, ಇನ್ನೊಬ್ಬರು ಟಿಕ್ ಹಾಕುತ್ತಾ ಬಂದರು. ತೂಕದ ಯಂತ್ರವನ್ನು ಅಜ್ಜಂಪುರಕ್ಕೆ ರಿಪೇರಿಗೆ ಒಯ್ದು ತಂದ ಆಟೋ ಬಾಡಿಗೆ ವೋಚರಿನಲ್ಲಿ 310 ಇತ್ತು, ಪುಸ್ತಕದಲ್ಲಿ 130 ಆಗಿತ್ತು. ವ್ಯತ್ಯಾಸ ಸರಿಯಾಗಿ 180. ತಪ್ಪು ಅಂಕಿಯನ್ನು ಉಜ್ಜಿ ಅಳಿಸದೆ, ಒಂದು ಗೆರೆ ಎಳೆದು ಮೇಲೆ ಸರಿಯಾದದ್ದನ್ನು ಬರೆದು ಸಹಿ ಹಾಕಿದರು.

9ರ ಲೆಕ್ಕ ಬರೀ ಸುಳಿವು, ಸಾಕ್ಷಿಯಲ್ಲ. ಮೊದಲು ಕಂಡ 290 ಅನ್ನು 9ರಿಂದ ಭಾಗಿಸಿದ್ದರೆ ಶೇಷ ಉಳಿಯುತ್ತಿತ್ತು, ಸುಳಿವೇ ಸಿಗುತ್ತಿರಲಿಲ್ಲ. ಏಕೆಂದರೆ ಅದರಲ್ಲಿ ಮೂರು ತಪ್ಪುಗಳು ಬೆರೆತಿದ್ದವು. ಅದಕ್ಕೇ ಈ ಪರೀಕ್ಷೆ ಕೊನೆಗೆ.

ಈಗ ಖರ್ಚು 2,065ಕ್ಕೆ 160 ಮತ್ತು 180 ಸೇರಿ 2,405. ನಗದು 595. ಒಟ್ಟು 3,000. ಮುಖ್ಯ ನಗದಿನಿಂದ ತುಂಬಿಸಬೇಕಾದದ್ದು 2,405. ತುಂಬಿಸಿದ ಕೂಡಲೇ ಆ ವೋಚರುಗಳ ಮೇಲೆಲ್ಲ ‘ಪಾವತಿಯಾಗಿದೆ’ ಎಂದು ಮುದ್ರೆ ಹಾಕಿ. ಇಲ್ಲದಿದ್ದರೆ ಅದೇ ಚೀಟಿ ಮುಂದಿನ ತಿಂಗಳ ಕಟ್ಟಿನಲ್ಲಿ ಸೇರಿ, ಒಂದೇ ಖರ್ಚಿಗೆ ಎರಡು ಸಲ ಹಣ ತೆಗೆದಂತಾಗುತ್ತದೆ.

ಇಷ್ಟು ಹುಡುಕಿದರೂ ಒಂದಷ್ಟು ಹಣ ಸಿಗದೇ ಹೋಗಬಹುದು. ಆಗ ಸುಳ್ಳು ವೋಚರ್ ಬರೆದು ಸರಿದೂಗಿಸಬೇಡಿ. ತಾಳೆ ಪಟ್ಟಿಯಲ್ಲಿ ‘ಕೊರತೆ’ ಎಂದೇ ಬರೆದು, ಇಬ್ಬರೂ ಸಹಿ ಮಾಡಿ, ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿಡಿ. ಬರೆದಿಟ್ಟ ಕೊರತೆಗೆ ಮಂಡಳಿ ದಾರಿ ಹುಡುಕಬಹುದು. ಮುಚ್ಚಿಟ್ಟ ಕೊರತೆ ಲೆಕ್ಕ ತಪಾಸಣೆಯ ದಿನ ಕಾರ್ಯದರ್ಶಿಯ ಹೆಸರಿಗೇ ಬರುತ್ತದೆ.