ಹಳೆಯ ಮಣ, ಹಳೆಯ ಮೊಳ: ತಾತನು ಮೊಮ್ಮಗನಿಗೆ ಬರೆದ ಕಾಗದ

ಹಳೆಯ ಮೈಸೂರು ಸೀಮೆಯ ಒಂದು ಮನೆತನದಲ್ಲಿ 1938ನೆಯ ಇಸವಿಯ ಪಾಲುಪತ್ರವೊಂದುಂಟು. ಬಾವಿಯ ಜಮೀನನ್ನು ಅನುಭವಿಸುವವರು ವರ್ಷಂಪ್ರತಿ 5 ಮಣ ಬೆಲ್ಲವನ್ನು ಊರ ದೇವಸ್ಥಾನಕ್ಕೆ ಒಪ್ಪಿಸತಕ್ಕದ್ದೆಂದೂ, ಜಮೀನಿಗೆ ಹೋಗುವ ಬಂಡಿದಾರಿಯು 6 ಮೊಳ ಅಗಲವಿರತಕ್ಕದ್ದೆಂದೂ ಅದರಲ್ಲಿ ಬರೆದಿದೆ. ಅನೇಕ ವರ್ಷ ಬೆಲ್ಲಕ್ಕೆ ಬದಲಾಗಿ ಹಣವನ್ನೇ ಕೊಡುತ್ತ ಬಂದುದರಿಂದ ತೂಕದ ರೂಢಿಯು ಮರೆತುಹೋಗಿತ್ತು. ಬೇಸಾಯವನ್ನು ಹೊಸದಾಗಿ ವಹಿಸಿಕೊಂಡ ಮೊಮ್ಮಗನು ಪುಸ್ತಕವನ್ನು ನೋಡಿ, ಮಣಕ್ಕೆ 37.32 ಕಿಲೋಗ್ರಾಂ ಹಿಡಿದು, 186.6 ಕಿಲೋಗ್ರಾಂ ಬೆಲ್ಲ ಕೊಡಬೇಕಾದೀತೆಂದು ಗಾಬರಿಯಿಂದ ತಾತನಿಗೆ ಬರೆದನು. ಅದಕ್ಕೆ ತಾತನಿಂದ ಬಂದ ಉತ್ತರವಿದು:

“ಚಿರಂಜೀವಿಗೆ ಆಶೀರ್ವಾದಗಳು. ನಿನ್ನ ಗುಣಾಕಾರ ಸರಿ. ಹಿಡಿದ ಮಣ ಬೇರೆ. ಎರಡು ಮಣಗಳಲ್ಲಿಯೂ 40 ಸೇರುಗಳೇ. ಆದರೆ ನಿನ್ನ ಪುಸ್ತಕದ ಸೇರು 80 ತೊಲೆಯದು. ನಮ್ಮ ಕಡೆ ಬೆಲ್ಲ ತೂಗುತ್ತಿದ್ದ ಕಚ್ಚಾ ಸೇರು 24 ತೊಲೆಯದು. ತೊಲೆಯೊಂದಕ್ಕೆ 11.66 ಗ್ರಾಂ. ಆದುದರಿಂದ ನಮ್ಮ ಸೇರು 280 ಗ್ರಾಂ, ಹತ್ತು ಸೇರಿನ ಧಡೆಯ 2.8 ಕಿಲೋಗ್ರಾಂ, ನಾಲ್ಕು ಧಡೆಯದ ಮಣ 11.2 ಕಿಲೋಗ್ರಾಂ. 5 ಮಣವೆಂದರೆ 56 ಕಿಲೋಗ್ರಾಂ.

ನನ್ನ ಮಾತನ್ನೇ ನಂಬಬೇಡ. ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಕಬ್ಬಿಣದ ಸೇರಿನ ಬಟ್ಟು ಇದೆ. ಅದನ್ನು ಒರಸಿ, ಅಂಗಡಿಯ ತಕ್ಕಡಿಯಲ್ಲಿ ಇಡು. ತುಕ್ಕಿನಿಂದ ಸ್ವಲ್ಪ ಸವೆದಿರಬಹುದು. ಆದರೂ 280 ಗ್ರಾಂಗೂ 933 ಗ್ರಾಂಗೂ ಸಂದೇಹ ಹುಟ್ಟದು. ಅದೇ ಪೆಟ್ಟಿಗೆಯಲ್ಲಿರುವ ರಾಗಿ ಅಳೆಯುವ ಸೇರನ್ನು ಇದರೊಡನೆ ಬೆರೆಸಬೇಡ. ಅದು ಅಳತೆಯ ಪಾತ್ರೆ, ತೂಕವಲ್ಲ. ಅದರಲ್ಲಿ ರಾಗಿ ತುಂಬಿದರೆ ಒಂದು ತೂಕ, ಭತ್ತ ತುಂಬಿದರೆ ಇನ್ನೊಂದು. ಆಯಾ ಧಾನ್ಯವನ್ನೇ ತುಂಬಿ ತೂಗಿ ತಿಳಿಯಬೇಕು.

ಇನ್ನು ದಾರಿಯ ವಿಷಯ. ಗೇಣಿಗೆ 9 ಅಂಗುಲ, ಎರಡು ಗೇಣು ಒಂದು ಮೊಳ, ಎರಡು ಮೊಳ ಒಂದು ಗಜ. ಹೀಗೆ ಮೊಳವು 18 ಅಂಗುಲ, ಎಂದರೆ 45.72 ಸೆಂಟಿಮೀಟರು, 6 ಮೊಳವು 2.74 ಮೀಟರು. ಆದರೆ ಹಿಂದಿನವರು ಮೊಣಕೈಯಿಂದ ಬೆರಳ ತುದಿಯವರೆಗೆ ಕೈಯಿಟ್ಟೇ ಅಳೆದಿರಬಹುದು. ಕೈಯಿಂದ ಕೈಗೆ ಒಂದೆರಡು ಅಂಗುಲ ವ್ಯತ್ಯಾಸವಾದರೆ ಆರು ಮೊಳಕ್ಕೆ ಒಂದಡಿಯವರೆಗೂ ಹೋಗುವುದು. ಆದಕಾರಣ ಲೆಕ್ಕದ ಬಲದಿಂದ ಬೇಲಿ ಕೀಳಿಸಬೇಡ. ದಾರಿಯ ಇಕ್ಕೆಲದ ಹಳೆಯ ಕಲ್ಲುಗಳ ನಡುವೆ ಟೇಪು ಹಿಡಿದು, ನೆರೆಯವರ ಎದುರಿಗೆ ಅಳೆ. ಕಲ್ಲು ಹೇಳಿದ್ದೇ ಆ ಕಾಲದ ಮೊಳ.”

ಬಟ್ಟು 278 ಗ್ರಾಂ ತೂಗಿತು. ಕಲ್ಲುಗಳ ನಡುವಣ ಅಂತರವು 2.65 ಮೀಟರು ಬಂದಿತು. ಬೆಲ್ಲವು 56 ಕಿಲೋಗ್ರಾಂ ಎಂದು ದೇವಸ್ಥಾನದವರು ಒಪ್ಪಿದರು. ದಾರಿಯ ವಿಷಯದಲ್ಲಿ ಕಲ್ಲುಗಳ ಅಂತರವನ್ನೇ ನೆರೆಯವನೂ ಒಪ್ಪಿದನು. ತಾತನ ಸೂಚನೆಯಂತೆ ಮೂಲಪತ್ರದ ಮೇಲೆ ಏನನ್ನೂ ತಿದ್ದದೆ, ಈ ಎರಡು ಅಂಕಿಗಳನ್ನೂ ಅವು ದೊರೆತ ಬಗೆಯನ್ನೂ ಬೇರೆ ಕಾಗದದಲ್ಲಿ ಬರೆದು, ಉಭಯರ ಸಹಿಯೊಡನೆ ಪಾಲುಪತ್ರದ ಜೊತೆಗೆ ಇಡಲಾಯಿತು.